ಪಿಸ್ತೂಲು ಹಿಡಿದ ಮಾತ್ರಕ್ಕೆ ನಾಯಕಿ ಸ್ವತಂತ್ರಳಲ್ಲ

ಇಂಗ್ಲಿಷಿನ ಜನಪ್ರಿಯ ಪ್ರಣಯ ಕಾದಂಬರಿಗಳ ಮಾತು ಬಂದಾಗಲೆಲ್ಲ ಸಾಹಿತ್ಯದ ವಿದ್ಯಾರ್ಥಿಗಳು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಹಿಂದಿನ ನಾಯಕಿಯರು ಅಬಲೆಯರು, ಯಾರಾದರೂ ಬಂದು ಕಾಪಾಡಲಿ ಎಂದು ಕಾದು ಕುಳಿತವರು; ಇಂದಿನವರು ಗಟ್ಟಿಗಿತ್ತಿಯರು, ಎದುರುತ್ತರ ಕೊಡುವವರು, ಬೇಕಾದರೆ ಆಯುಧವನ್ನೂ ಹಿಡಿಯುವವರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಮೇಲೆ ನನಗೆ ಜಗಳವಿದೆ. ನಾಯಕಿಯ ಗಟ್ಟಿತನವನ್ನು ಅವಳ ಬಾಯಿಯಿಂದಲೋ ಕೈಯಲ್ಲಿರುವ ಆಯುಧದಿಂದಲೋ ಅಳೆಯುವವರು ಆ ಕಾದಂಬರಿಗಳಲ್ಲಿ ನಿಜವಾಗಿ ಬದಲಾದದ್ದು ಏನು ಎಂಬುದನ್ನೇ ಕಾಣದೆ ಹೋಗುತ್ತಾರೆ.

ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡೋಣ. ಮೊದಲನೆಯದು 1972ರಲ್ಲಿ ಅಮೆರಿಕದಲ್ಲಿ ಬಂದ ಕ್ಯಾಥ್ಲೀನ್ ವುಡಿವಿಸ್ ಅವರ 'ದ ಫ್ಲೇಮ್ ಅಂಡ್ ದ ಫ್ಲವರ್'. ಅಗ್ಗದ ಪೇಪರ್‌ಬ್ಯಾಕಿನಲ್ಲಿ ಬಂದ ಈ ದಪ್ಪ ಐತಿಹಾಸಿಕ ಪ್ರಣಯ ಕಾದಂಬರಿಯ ಯಶಸ್ಸು ಮುಂದಿನ ಎಷ್ಟೋ ಪುಸ್ತಕಗಳಿಗೆ ಅಚ್ಚಾಯಿತು. ನಾಯಕಿ ಹೆದರ್ ತಬ್ಬಲಿ, ಕಾಟ ಕೊಡುವ ಅತ್ತೆಯ ಮನೆಯಲ್ಲಿ ಇದ್ದವಳು. ಅತ್ತೆಯ ತಮ್ಮ ಅವಳನ್ನು ಲಂಡನ್ನಿಗೆ ಕರೆತಂದು ಮೇಲೆ ಬೀಳುತ್ತಾನೆ. ಅವಳ ಕೈಯಲ್ಲಿ ಒಂದು ಚಾಕು ಇರುತ್ತದೆ, ಅವನು ಅದರ ಮೇಲೆಯೇ ಬೀಳುತ್ತಾನೆ. ಹೆದರಿ ಓಡಿದ ಅವಳನ್ನು ಬಂದರಿನಲ್ಲಿ ಕಂಡ ನಾವಿಕರು ವೇಶ್ಯೆ ಎಂದುಕೊಂಡು ತಮ್ಮ ಕಪ್ತಾನನ ಬಳಿಗೆ ಒಯ್ಯುತ್ತಾರೆ. ಆ ಕಪ್ತಾನ ಬ್ರ್ಯಾಂಡನ್ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಕಥಾನಾಯಕ ಅವನೇ! ಅವಳು ಬಸುರಿಯೆಂದು ತಿಳಿದ ಮೇಲೆ ಇತರರ ಒತ್ತಡಕ್ಕೆ ಮಣಿದು ಅವಳನ್ನು ಮದುವೆಯಾಗುತ್ತಾನೆ. ಉಳಿದ ನೂರಾರು ಪುಟಗಳಲ್ಲಿ ಇಬ್ಬರಿಗೂ ನಿಧಾನವಾಗಿ ಪ್ರೀತಿ ಹುಟ್ಟುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಹೆದರಳ ಕೈಯಲ್ಲೂ ಚಾಕು ಇತ್ತು ಎಂಬುದನ್ನು. ಅದರಿಂದ ಒಬ್ಬ ಕೆಟ್ಟವನು ಬಿದ್ದದ್ದೂ ಹೌದು. ಆದರೂ ಕಥೆ ಅವಳ ಕೈಗೆ ಬರಲಿಲ್ಲ. ಲಂಡನ್ನಿಗೆ ಕರೆತಂದವರು ಬೇರೆಯವರು, ಹಡಗಿಗೆ ಒಯ್ದವರು ಬೇರೆಯವರು, ಮದುವೆಯನ್ನು ತೀರ್ಮಾನಿಸಿದವರೂ ಬೇರೆಯವರೇ. ಅವಳು ಬೇಡವೆಂದರೆ ಕಥೆಯಲ್ಲಿ ಏನೂ ಬದಲಾಗುವುದಿಲ್ಲ.

ಇದನ್ನು ಸಮರ್ಥಿಸುವವರ ವಾದವನ್ನೂ ಹೇಳಬೇಕು. ಹೆಣ್ಣಿಗೆ ಆಸೆಯಿದೆ ಎಂದು ಒಪ್ಪದ ಕಾಲದಲ್ಲಿ ಬಲವಂತವೊಂದು ನೆಪವಾಗಿತ್ತು. ಆಸೆಯ ಹೊಣೆ ಹೊರದೆಯೇ ಓದುಗಿ ಆಸೆಯ ಕಥೆಯನ್ನು ಓದಬಹುದಿತ್ತು ಎನ್ನುತ್ತಾರೆ ಅವರು. ಆ ಪುಸ್ತಕ ಅಷ್ಟು ಮಾರಾಟವಾದದ್ದೇಕೆ ಎಂಬುದನ್ನು ಈ ವಾದ ವಿವರಿಸಬಹುದು. ಆದರೆ ಅತ್ಯಾಚಾರಿಯನ್ನು ನಾಯಕನ ಪೀಠದಲ್ಲಿ ಕೂರಿಸಿದ್ದು ಸರಿ ಎಂದು ಸಾಧಿಸಲಾರದು. ಅದೂ ಅಲ್ಲದೆ ಓದುಗಿಯರೇನು ಕಣ್ಣುಮುಚ್ಚಿ ಎಲ್ಲವನ್ನೂ ನುಂಗುತ್ತಿರಲಿಲ್ಲ. ಜಾನಿಸ್ ರ‍್ಯಾಡ್ವೇ ಅಮೆರಿಕದ ಒಂದು ಊರಿನ ಪ್ರಣಯ ಕಾದಂಬರಿಯ ಓದುಗಿಯರನ್ನು ಕೂರಿಸಿಕೊಂಡು ಮಾತನಾಡಿಸಿ 1984ರಲ್ಲಿ 'ರೀಡಿಂಗ್ ದ ರೊಮ್ಯಾನ್ಸ್' ಪ್ರಕಟಿಸಿದರು. ಆ ಹೆಂಗಸರು ಮೆಚ್ಚಿದ್ದು ಬುದ್ಧಿವಂತ, ಸ್ವತಂತ್ರ ಮನಸ್ಸಿನ ನಾಯಕಿಯರನ್ನು. ಕ್ರೌರ್ಯ ಅವರಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಅಬಲೆಯನ್ನು ಆಧುನಿಕ ಲೇಖಕರು ಬಂದು ಬಿಡುಗಡೆ ಮಾಡಿದರು ಎನ್ನುವುದು ಕೂಡ ಇನ್ನೊಂದು ಕಾಪಾಡುವ ಕಥೆಯೇ. ಬೇಡಿಕೆ ಓದುಗಿಯರಲ್ಲಿ ಆಗಲೇ ಇತ್ತು.

ಎರಡನೆಯ ಪುಸ್ತಕ 1995ರ 'ಲಾರ್ಡ್ ಆಫ್ ಸ್ಕೌಂಡ್ರೆಲ್ಸ್', ಬರೆದವರು ಲೊರೆಟ್ಟಾ ಚೇಸ್. ಕಥೆ ನಡೆಯುವುದು 1828ರಲ್ಲಿ. ದಾರಿತಪ್ಪಿದ ತಮ್ಮನನ್ನು ಬಿಡಿಸಿಕೊಂಡು ಬರಲು ಜೆಸಿಕಾ ಪ್ಯಾರಿಸ್ಸಿಗೆ ಹೋಗುತ್ತಾಳೆ. ಕಾಪಾಡುವ ಕೆಲಸ ಮೊದಲ ಪುಟಗಳಲ್ಲಿಯೇ ಅವಳ ಪಾಲಿಗೆ ಬಂದಿದೆ. ಹಳೆಯ ವಸ್ತುಗಳ ಬೆಲೆ ಬಲ್ಲವಳು ಅವಳು. ಕೊಳೆ ಹಿಡಿದ ಒಂದು ಚಿತ್ರಪಟವನ್ನು ಪುಡಿಗಾಸಿಗೆ ಕೊಂಡು, ಅದು ಅಮೂಲ್ಯವಾದ ರಷ್ಯನ್ ಧಾರ್ಮಿಕ ಚಿತ್ರವೆಂದು ತೋರಿಸುತ್ತಾಳೆ. ಇಂಥ ವಸ್ತುಗಳ ಅಂಗಡಿ ತೆರೆದು ತನ್ನ ಕಾಲ ಮೇಲೆ ನಿಲ್ಲಬೇಕೆಂಬುದು ಅವಳ ಯೋಜನೆ. ಅಲ್ಲಿ ಪರಿಚಯವಾದ ಕುಖ್ಯಾತ ಶ್ರೀಮಂತ ಡೇನ್ ಮತ್ತು ಅವಳು ಮುತ್ತಿಡುತ್ತಿರುವಾಗ ಜನರ ಕಣ್ಣಿಗೆ ಬೀಳುತ್ತಾರೆ. ಇದು ತನಗೆ ಒಡ್ಡಿದ ಬಲೆ ಎಂದು ತಿಳಿದ ಡೇನ್ ಅವಳನ್ನು ಅವಮಾನಿಸಿ ಹೊರಟುಹೋಗುತ್ತಾನೆ.

ಜೆಸಿಕಾ ಪಿಸ್ತೂಲು ತಂದು ಅವನ ತೋಳಿಗೆ ಗುಂಡು ಹಾರಿಸುತ್ತಾಳೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ದೃಶ್ಯವನ್ನೇ. ಆದರೆ ನನ್ನ ಪ್ರಕಾರ ಅಸಲು ಘಟನೆ ಅದರ ನಂತರದ್ದು. ಅವಳು ವಕೀಲರನ್ನು ಹಿಡಿದು, ಆದ ನಷ್ಟಕ್ಕೆ ಡೇನ್ ಪರಿಹಾರ ಕೊಡಬೇಕೆಂದು ಪಟ್ಟು ಹಿಡಿಯುತ್ತಾಳೆ. ಮಾನ ಹೋಯಿತೆಂದು ಅವಳು ಅಳುತ್ತಾ ಕೂರುವುದಿಲ್ಲ. ಒಳ್ಳೆಯ ಮನೆತನದ ಗಿರಾಕಿಗಳು ಬರಬೇಕಾದ ಅಂಗಡಿಗೆ ಒಳ್ಳೆಯ ಹೆಸರೇ ಬಂಡವಾಳ. ಆ ಬಂಡವಾಳವನ್ನು ಡೇನ್ ಹಾಳುಮಾಡಿದ್ದಾನೆ. ಮದುವೆಯ ಮಾತು ಏಳುವುದು ವಕೀಲರ ಎದುರಿನ ಈ ಲೆಕ್ಕಾಚಾರದ ನಡುವೆ. ಅವಳ ಪಾಲಿಗೆ ಅದು ವ್ಯವಹಾರದಲ್ಲಿ ಎದುರಾಳಿ ಮುಂದಿಟ್ಟ ಒಂದು ಪ್ರಸ್ತಾಪ. ಒಪ್ಪಬಹುದು, ಬಿಡಬಹುದು. ಮದುವೆಯ ನಂತರವೂ ಅಷ್ಟೆ: ಡೇನ್ ಕಣ್ಣೆತ್ತಿಯೂ ನೋಡಲೊಲ್ಲದ ಅವನ ಅಕ್ರಮ ಸಂತಾನದ ಹುಡುಗನನ್ನು ಮನೆಗೆ ತರಬೇಕೆಂದು ಹಟ ಹಿಡಿಯುವವಳು ಅವಳೇ.

ನನ್ನ ಅಳತೆಗೋಲು ಇಷ್ಟೆ. ನಾಯಕಿಯ ಒಂದೊಂದೇ ನಿರ್ಧಾರವನ್ನು ಕಥೆಯಿಂದ ಕಿತ್ತು ನೋಡಿ. ಹೆದರಳ ನಿರ್ಧಾರಗಳನ್ನು ಕಿತ್ತರೆ ಕಾದಂಬರಿ ಹೆಚ್ಚುಕಡಿಮೆ ಹಾಗೆಯೇ ನಿಲ್ಲುತ್ತದೆ. ಜೆಸಿಕಾಳದ್ದನ್ನು ಕಿತ್ತರೆ ಕುಸಿದುಬೀಳುತ್ತದೆ. ಈ ಪರೀಕ್ಷೆಯಲ್ಲಿ ಇಂದಿನ ಎಷ್ಟೋ 'ಗಟ್ಟಿಗಿತ್ತಿ'ಯರು ಸೋಲುತ್ತಾರೆ. ಮೊದಲ ಮೂರು ಅಧ್ಯಾಯ ಚುರುಕು ಮಾತು, ಕತ್ತಿವರಸೆ. ಕೊನೆಯ ಮೂರರಲ್ಲಿ ಅಪಹರಣ, ಮತ್ತೆ ನಾಯಕನ ಆಗಮನ. ವೇಷ ಬದಲಾಗಿದೆ, ಪಾತ್ರ ಅದೇ.

ಹಳೆಯದೆಲ್ಲ ಸೋಲುತ್ತದೆಂದೂ ಅಲ್ಲ. 1847ರ ಜೇನ್ ಐರ್ ಯಾರಿಗೂ ಗುಂಡು ಹಾರಿಸಲಿಲ್ಲ. ರಾಚೆಸ್ಟರನಿಗೆ ಹೆಂಡತಿಯಿದ್ದಾಳೆಂದು ತಿಳಿದಾಗ, ಪ್ರೀತಿ ಇದ್ದೂ ಮನೆ ಬಿಟ್ಟು ನಡೆದಳು. ಮುಂದೆ ಬಂದ 20,000 ಪೌಂಡ್ ಆಸ್ತಿಯನ್ನು ಸೋದರ ಸಂಬಂಧಿಗಳೊಂದಿಗೆ ನಾಲ್ಕು ಪಾಲು ಮಾಡಿಕೊಂಡು, ತನ್ನ 5,000 ಪೌಂಡಿನೊಂದಿಗೆ ಸ್ವಂತ ಇಚ್ಛೆಯಿಂದ ಮರಳಿದಳು. ಅವಳ 'ಇಲ್ಲ'ಕ್ಕೂ ಬೆಲೆಯಿತ್ತು, 'ಹೌದು'ಗೂ ಬೆಲೆಯಿತ್ತು.

ಹಾಗಾದರೆ ಪಾತ್ರಗಳನ್ನು ತಿರುಗುಮುರುಗು ಮಾಡಿದರೆ ಸಾಕೆ? 2018ರ ಹೆಲೆನ್ ಹೋಯಾಂಗ್ ಅವರ 'ದ ಕಿಸ್ ಕೋಶೆಂಟ್'ನಲ್ಲಿ ಹಣವಿರುವುದು ನಾಯಕಿಯ ಬಳಿ. ಆಟಿಸಂ ಇರುವ ಅರ್ಥಮಿತಿ ತಜ್ಞೆ ಸ್ಟೆಲ್ಲಾ, ದೇಹಸಂಬಂಧದ ಪಾಠ ಕಲಿಯಲು ಮೈಕೆಲ್ ಎಂಬವನನ್ನು ಹಣ ಕೊಟ್ಟು ಗೊತ್ತುಮಾಡಿಕೊಳ್ಳುತ್ತಾಳೆ. ಈ ತಿರುಗುಮುರುಗನ್ನೇ ಎಲ್ಲರೂ ಹೊಗಳುತ್ತಾರೆ. ಆದರೆ ಹಣ ಕೊಡುವಾಗ ಸ್ಟೆಲ್ಲಾ ನಂಬಿರುವುದು ತಾನೇ ಸರಿಯಿಲ್ಲ, ತನ್ನನ್ನು ತಿದ್ದಿಕೊಳ್ಳಬೇಕು ಎಂದು. ಕಥೆ ಅವಳ ಕೈಗೆ ಬರುವುದು ತನ್ನನ್ನು ತಿದ್ದಿಕೊಳ್ಳಬೇಕಾಗಿಲ್ಲ ಎಂದು ಅವಳು ತೀರ್ಮಾನಿಸಿದ ಗಳಿಗೆಯಲ್ಲಿ. ಅಲ್ಲಿಯವರೆಗೆ ಪರ್ಸು ಮಾತ್ರ ಅವಳದಾಗಿತ್ತು.

ಕಾಪಾಡಿಸಿಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರೀತಿಸುವವರು ಒಬ್ಬರನ್ನೊಬ್ಬರು ಕಾಪಾಡುತ್ತಲೇ ಇರುತ್ತಾರೆ. ಜೆಸಿಕಾ ಡೇನನನ್ನು ಅವನ ಬಾಲ್ಯದ ನೋವಿನಿಂದ ಬಿಡಿಸುತ್ತಾಳೆ. ಮುಂದಿನ ಸಲ ಯಾರಾದರೂ 'ಈ ನಾಯಕಿ ಎಷ್ಟು ಗಟ್ಟಿಗಿತ್ತಿ ನೋಡಿ' ಎಂದು ಪುಸ್ತಕವೊಂದನ್ನು ಕೈಗಿತ್ತರೆ, ಅವಳು ಎಷ್ಟು ಜನರನ್ನು ಹೊಡೆದಳು ಎಂದು ಕೇಳಬೇಡಿ. ಅವಳು ಒಲ್ಲೆ ಎಂದಿದ್ದರೆ ಕಥೆ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿ.