ಆ ಸಾಲು ಎಲ್ಲಿದೆ? ಮೊದಲು ಹುಡುಕೋಣ, ಆಮೇಲೆ ಉಪದೇಶಿಸೋಣ

‘ನಿನ್ನ ಕೆಲಸ ನೀನು ಮಾಡು, ಫಲವನ್ನು ದೇವರಿಗೆ ಬಿಡು.’ ಈ ಮಾತು ಕೇಳದ ಸಭೆ ಇಲ್ಲ. ಪ್ರವಚನದಲ್ಲಿ, ನಿವೃತ್ತರ ಬೀಳ್ಕೊಡುಗೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಇದು ಬಂದೇ ಬರುತ್ತದೆ. ಎಲ್ಲಿದೆ ಈ ಮಾತು ಎಂದು ಕೇಳಿ ನೋಡಿ. ಒಬ್ಬರು ಗೀತೆ ಎನ್ನುತ್ತಾರೆ, ಇನ್ನೊಬ್ಬರು ಉಪನಿಷತ್ತು ಎನ್ನುತ್ತಾರೆ, ಮತ್ತೊಬ್ಬರು ‘ನಮ್ಮ ಬಸವಣ್ಣನವರೇ ಹೇಳಿದ್ದಾರಲ್ಲ’ ಎಂದು ಬಿಡುತ್ತಾರೆ. ಅಧ್ಯಾಯ, ಶ್ಲೋಕ ಕೇಳಿದರೆ ಮೌನ.

ಅರ್ಧ ನೆನಪಿನ ಮಾತಿನಿಂದ ಏನು ನಷ್ಟ ಎಂದು ಕೇಳಬಹುದು. ಮೂರು ತಿಂಗಳ ಸಂಬಳ ಬಾಕಿಯಿದೆ ಎಂದು ಬಾಯಿ ತೆರೆದ ಅಡುಗೆಯವರಿಗೆ, ಗೌರವಧನಕ್ಕಾಗಿ ಕಾದು ಸೋತ ಅತಿಥಿ ಶಿಕ್ಷಕರಿಗೆ, ಇದೇ ಮಾತನ್ನು ಸಮಾಧಾನವೆಂದು ಹೇಳಲಾಗುತ್ತದೆ. ಹೇಳುವವರು ಸಂಬಳ ಕೊಡಬೇಕಾದವರು, ಕೇಳುವವರು ದುಡಿದವರು. ಆದ್ದರಿಂದ ಈ ಸಾಲು ಎಲ್ಲಿದೆ, ಯಾರು ಯಾರಿಗೆ ಹೇಳಿದ್ದು, ಅದರಲ್ಲಿ ‘ಫಲ’ ಎಂದರೆ ಏನು ಎಂದು ಪುಸ್ತಕ ತೆರೆದು ನೋಡುವುದು ನ್ಯಾಯದ ಪ್ರಶ್ನೆ.

ಹುಡುಕುವ ಕ್ರಮ ಕಷ್ಟದ್ದಲ್ಲ. ನೆನಪಿನಲ್ಲಿರುವುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಬರೆದುದರಲ್ಲಿ ಯಾವ ಪದ ಗಟ್ಟಿಯಾಗಿ ನೆನಪಿದೆ ಎಂದು ನೋಡಬೇಕು. ಫಲದ ಆಸೆಯಿಲ್ಲದೆ ಕೆಲಸ ಮಾಡಬೇಕೆಂಬ ಮಾತು ಗೀತೆಯಲ್ಲಿ ಒಂದೇ ಕಡೆ ಇಲ್ಲ, ಹತ್ತಾರು ಕಡೆ ಇದೆ. ಪ್ರತಿ ಕಡೆಗೂ ಅದರದೇ ಗುರುತಿದೆ. ‘ಅಧಿಕಾರ’ ಎಂಬ ಪದ ನೆನಪಿದ್ದರೆ ಅದು ಎರಡನೆಯ ಅಧ್ಯಾಯದ 47ನೆಯ ಶ್ಲೋಕ. ಅಂಟಿಕೊಳ್ಳದೆ ಯಾವಾಗಲೂ ಕರ್ತವ್ಯ ಮಾಡು ಎಂದಷ್ಟೇ ನೆನಪಿದ್ದರೆ ಮೂರನೆಯ ಅಧ್ಯಾಯದ 19. ನೀರಿನಲ್ಲಿದ್ದೂ ನೆನೆಯದ ತಾವರೆಯ ಎಲೆ ನೆನಪಾದರೆ ಐದನೆಯ ಅಧ್ಯಾಯದ 10. ಫಲವನ್ನು ನೆಚ್ಚದೆ ಕೆಲಸ ಮಾಡುವವನೇ ಸಂನ್ಯಾಸಿ ಎಂಬ ಅರ್ಥವಿದ್ದರೆ ಆರನೆಯ ಅಧ್ಯಾಯದ ಮೊದಲ ಶ್ಲೋಕ. ಧ್ಯಾನಕ್ಕಿಂತಲೂ ಫಲತ್ಯಾಗ ಮೇಲು ಎಂದಿದ್ದರೆ ಹನ್ನೆರಡನೆಯ ಅಧ್ಯಾಯದ 12. ನೂರು ವರ್ಷ ಕೆಲಸ ಮಾಡುತ್ತಲೇ ಬದುಕು ಎಂಬುದು ನೆನಪಿದ್ದರೆ ಅದು ಗೀತೆಯದಲ್ಲ, ಈಶಾವಾಸ್ಯ ಉಪನಿಷತ್ತಿನ ಎರಡನೆಯ ಮಂತ್ರ. ಉಪನಿಷತ್ತು ಎಂದವರು ಪೂರ್ತಿ ತಪ್ಪಿಲ್ಲ, ಆದರೆ ಅವರು ಹೇಳುತ್ತಿರುವ ಸಾಲು ಬೇರೆ.

ನಮ್ಮ ಸಭೆಗಳಲ್ಲಿ ಓಡಾಡುವ ಮಾತು ಬಹುಪಾಲು 2.47. ಗೀತೆಯ ಪುಸ್ತಕದ ಕೊನೆಯಲ್ಲಿ ಅಕಾರಾದಿ ಶ್ಲೋಕಸೂಚಿ ಇರುತ್ತದೆ, ಅದರಲ್ಲಿ ಹುಡುಕಬಹುದು. ಆದರೆ ಆ ಸೂಚಿ ಸಾಮಾನ್ಯವಾಗಿ ಶ್ಲೋಕದ ಮೊದಲ ಪದಗಳನ್ನಷ್ಟೇ ಕೊಡುತ್ತದೆ. ನಡುವಿನ ಪಾದ ನೆನಪಿರುವವರಿಗೆ ಅದು ಸಿಗುವುದಿಲ್ಲ. ಇನ್ನೊಂದು ತೊಡಕು ಸಂಧಿಯದು. ‘ಕರ್ಮಣಿ’ ಎಂದು ಹುಡುಕಿದರೆ ಕಾಣದು, ಮುಂದಿನ ಪದದೊಡನೆ ಸೇರಿ ಅದು ‘ಕರ್ಮಣ್ಯೇ’ ಆಗಿದೆ. ಅದರ ಪಕ್ಕದಲ್ಲೇ ‘ಕರ್ಮಣ್ಯ’ ಎಂದು ತೊಡಗುವ ಇನ್ನೊಂದು ಶ್ಲೋಕವಿದೆ, ಅದು 4.18. ಕರ್ಮದಲ್ಲಿ ಅಕರ್ಮವನ್ನು ಕಾಣುವವನ ವಿಷಯ ಅದು. ಅನೇಕರು ಇಲ್ಲಿ ಎಡವುತ್ತಾರೆ. ‘ನಿಷ್ಕಾಮಕರ್ಮ’ ಎಂದು ಹುಡುಕುವವರಿಗಂತೂ ಏನೂ ಸಿಗದು. ಅಷ್ಟು ಪ್ರಸಿದ್ಧವಾದ ಆ ಜೋಡುಪದ ಗೀತೆಯ ಯಾವ ಶ್ಲೋಕದಲ್ಲೂ ಇಲ್ಲ, ಅದು ವಿವರಿಸಿದವರು ಕೊಟ್ಟ ಹೆಸರು.

ಶ್ಲೋಕ ಸಿಕ್ಕಿತು. ಈಗ ಅದನ್ನು ಪೂರ್ತಿ ಓದೋಣ. ಅದಕ್ಕೆ ನಾಲ್ಕು ಪಾದ, ನಾಲ್ಕು ಮಾತು. ನಿನಗೆ ಅಧಿಕಾರವಿರುವುದು ಕರ್ಮದಲ್ಲಿ ಮಾತ್ರ ಎಂಬುದು ಮೊದಲನೆಯದು. ಫಲಗಳಲ್ಲಿ ಎಂದಿಗೂ ಇಲ್ಲ ಎಂಬುದು ಎರಡನೆಯದು. ಕರ್ಮಫಲವನ್ನೇ ನಿನ್ನ ಉದ್ದೇಶವಾಗಿಸಿಕೊಳ್ಳಬೇಡ ಎಂಬುದು ಮೂರನೆಯದು. ಕರ್ಮ ಮಾಡದಿರುವುದಕ್ಕೂ ಅಂಟಿಕೊಳ್ಳಬೇಡ ಎಂಬುದು ನಾಲ್ಕನೆಯದು. ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ‘ಗೀತಾರಹಸ್ಯ’ದಲ್ಲಿ ಈ ನಾಲ್ಕು ಪಾದಗಳನ್ನು ಕರ್ಮಯೋಗದ ಚತುಃಸೂತ್ರಿ ಎಂದು ಕರೆದರು. ನಾಲ್ಕೂ ಸೇರಿ ಒಂದು ಸಿದ್ಧಾಂತ, ಒಂದನ್ನು ಕಿತ್ತರೆ ಉಳಿದದ್ದು ನಿಲ್ಲುವುದಿಲ್ಲ ಎಂಬುದು ಅವರ ವಾದದ ತಿರುಳು. ನಮ್ಮ ಉಪದೇಶಕರು ಉಳಿಸಿಕೊಂಡಿರುವುದು ಎರಡನೆಯ ಪಾದವೊಂದನ್ನೇ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಈ ಶ್ಲೋಕದಲ್ಲಿ ದೇವರೇ ಇಲ್ಲ. ‘ಫಲವನ್ನು ದೇವರಿಗೆ ಬಿಡು’ ಎಂಬ ಮಾತು ಅಲ್ಲಿಲ್ಲ. ಕರ್ಮಗಳನ್ನು ನನಗೆ ಒಪ್ಪಿಸು ಎಂದು ಕೃಷ್ಣ ಹೇಳುವುದು 3.30ರಲ್ಲಿ, ಮಾಡಿದ್ದು ಉಂಡದ್ದು ಕೊಟ್ಟದ್ದು ಎಲ್ಲವನ್ನೂ ನನಗೆ ಅರ್ಪಿಸು ಎನ್ನುವುದು 9.27ರಲ್ಲಿ. ನಮ್ಮ ನೆನಪು ಮೂರು ಕಡೆಯ ಮಾತನ್ನು ಹೊಲಿದು ಒಂದು ಗಾದೆ ಮಾಡಿಕೊಂಡಿದೆ. ಗಾದೆಯಾಗಿ ಅದು ಇರಲಿ. ಶಾಸ್ತ್ರಪ್ರಮಾಣವೆಂದು ಮುಂದಿಟ್ಟರೆ ಮಾತ್ರ ಅಡಕ ಯಾವುದು, ಹೊಲಿಗೆ ಯಾವುದು ಎಂದು ಕೇಳಲೇಬೇಕು.

ಇನ್ನು ಫಲ ಎಂದರೇನು? ಐದು ಶ್ಲೋಕ ಹಿಂದಕ್ಕೆ ಹೋದರೆ ಸಾಕು. 42ರಿಂದ 44ರವರೆಗೆ ಕೃಷ್ಣ ಟೀಕಿಸುತ್ತಿರುವುದು ವೇದದ ಹೂಬಿಟ್ಟ ಮಾತುಗಳಿಗೆ ಮರುಳಾಗಿ, ಸ್ವರ್ಗವನ್ನೂ ಭೋಗವನ್ನೂ ಐಶ್ವರ್ಯವನ್ನೂ ಬಯಸಿ ಬಗೆಬಗೆಯ ಕ್ರಿಯೆಗಳಲ್ಲಿ ಮುಳುಗಿದವರನ್ನು. ಅಲ್ಲಿಯ ಕರ್ಮಕ್ಕೆ ಯಜ್ಞಯಾಗದ ವಾಸನೆ ಇದೆ, ಅಲ್ಲಿಯ ಫಲ ಸ್ವರ್ಗ. ಎದುರಿಗಿರುವವನು ಕೂಲಿಯವನಲ್ಲ, ರಾಜಕುಮಾರ. ಅವನು ಕೇಳಿದ್ದು ಕೂಲಿಯೂ ಅಲ್ಲ. ‘ಯುದ್ಧ ಮಾಡುವುದಿಲ್ಲ’ ಎಂದು ಹೇಳಿ ಅವನು ಸುಮ್ಮನಾದದ್ದು 2.9ರಲ್ಲಿದೆ. ಅವನನ್ನು ಎಬ್ಬಿಸಲಿಕ್ಕೆ ಬಂದದ್ದು ನಾಲ್ಕನೆಯ ಪಾದ. ಕೆಲಸ ಬಿಟ್ಟವನಿಗೆ ಹೇಳಿದ ಮಾತನ್ನು ಕೆಲಸ ಮುಗಿಸಿ ಕೂಲಿ ಕೇಳುವವನ ಬಾಯಿಗೆ ತುರುಕುವುದು ಶ್ಲೋಕಕ್ಕೂ ಅನ್ಯಾಯ, ದುಡಿದವನಿಗೂ ಅನ್ಯಾಯ. ಅದಿರಲಿ, ಹತ್ತೇ ಶ್ಲೋಕ ಹಿಂದೆ, 2.37ರಲ್ಲಿ, ಅದೇ ಕೃಷ್ಣ ಅದೇ ಅರ್ಜುನನಿಗೆ ಸತ್ತರೆ ಸ್ವರ್ಗ, ಗೆದ್ದರೆ ಭೂಮಿ ಎಂದು ಎರಡು ಫಲವನ್ನು ತೋರಿಸಿದ್ದಾನೆ. ಫಲದ ಮಾತೇ ಎತ್ತಬಾರದೆಂಬ ನಿಯಮ ಗೀತೆಯಲ್ಲೇ ನಡೆದಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಶ್ಲೋಕ ನಿರಪರಾಧಿ, ನಮ್ಮದೇ ಎಂದು ಅಪ್ಪಿಕೊಳ್ಳೋಣ ಎನ್ನುವವರಿದ್ದಾರೆ. ಅವರು ‘ಅಧಿಕಾರ’ ಎಂಬ ಪದದ ಮುಂದೆ ಸ್ವಲ್ಪ ನಿಲ್ಲಬೇಕು. ಇಂದಿನ ಕನ್ನಡದಲ್ಲಿ ಅದು ಹಕ್ಕು, ಆಡಳಿತ. ಶಾಸ್ತ್ರದ ಭಾಷೆಯಲ್ಲಿ ಅದು ಅರ್ಹತೆ: ಯಾವ ಕರ್ಮಕ್ಕೆ ಯಾರು ತಕ್ಕವರು ಎಂಬ ನಿರ್ಣಯ. ಶಂಕರರ ಭಾಷ್ಯ ಇಲ್ಲಿಯ ‘ಮಾತ್ರ’ಕ್ಕೆ ಕೊಡುವ ಅರ್ಥವನ್ನು ನೋಡಿ: ನಿನಗೆ ಅಧಿಕಾರ ಕರ್ಮದಲ್ಲಿ ಮಾತ್ರ, ಜ್ಞಾನನಿಷ್ಠೆಯಲ್ಲಿ ಇಲ್ಲ. ಅಂದರೆ ಆ ಭಾಷ್ಯದಂತೆ ಇದು ಮೆಟ್ಟಿಲುಗಳ ಮಾತು, ಒಬ್ಬನಿಗೆ ಕರ್ಮ, ಇನ್ನೊಬ್ಬನಿಗೆ ಜ್ಞಾನ. ಯಾರಿಗೆ ಯಾವ ಕರ್ಮ ಎಂಬುದಕ್ಕೆ ಗೀತೆ ಉತ್ತರ ಕೊಡುವುದು ಹದಿನೆಂಟನೆಯ ಅಧ್ಯಾಯದಲ್ಲಿ. 41ರಿಂದ 44ರವರೆಗೆ ನಾಲ್ಕು ವರ್ಣಗಳಿಗೆ ಕೆಲಸ ಹಂಚಿದೆ, ಶೂದ್ರನ ಪಾಲಿಗೆ ಬಂದದ್ದು ಪರಿಚರ್ಯೆ. 48ರಲ್ಲಿ, ದೋಷವಿದ್ದರೂ ಹುಟ್ಟಿನೊಡನೆ ಬಂದ ಕರ್ಮವನ್ನು ಬಿಡಬಾರದು ಎಂದಿದೆ. 2.47ನ್ನು ಒಪ್ಪಿ 18.44ನ್ನು ಮರೆಯುವುದು ಅನುಕೂಲದ ಮರೆವು. 1930ರಲ್ಲಿ ‘ಅನಾಸಕ್ತಿಯೋಗ’ ಎಂಬ ಹೆಸರಿನಲ್ಲಿ ಗೀತೆಯನ್ನು ಗುಜರಾತಿಗೆ ತಂದ ಗಾಂಧೀಜಿ ಅದರಲ್ಲಿ ಫಲತ್ಯಾಗವನ್ನೇ ನಡುಗಂಬವಾಗಿ ಕಂಡರು. ಅಂಬೇಡ್ಕರರು ಅದೇ ಗ್ರಂಥದ ‘ಕರ್ಮ’ ಎಂದರೆ ಜೈಮಿನಿಯ ಕರ್ಮಕಾಂಡ ಎಂದು ಓದಿದರು. ಇಬ್ಬರೂ ಪುಸ್ತಕ ತೆರೆದು ಓದಿ ಜಗಳಕ್ಕೆ ನಿಂತವರು. ನಾವು ತೆರೆಯದೆಯೇ ಒಪ್ಪಂದಕ್ಕೆ ಬಂದಿದ್ದೇವೆ.

ಆ ಒಪ್ಪಂದದ ಹೆಸರು ‘ಕಾಯಕವೆಂದರೆ ನಿಷ್ಕಾಮಕರ್ಮವೇ’ ಎಂಬುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಗೀತೆಯ ಮಾತಿನಲ್ಲಿ ಪ್ರಶ್ನೆ ಕರ್ತೃವಿನ ಮನಸ್ಸಿನದು: ಫಲದ ಮೇಲೆ ಆಸೆ ಇರಬಾರದು. ಆ ಫಲ ಯಾರ ಮನೆಗೆ ಹೋಗಬೇಕೆಂದು ಆ ಶ್ಲೋಕ ಹೇಳುವುದಿಲ್ಲ. ಶರಣರ ಕಾಯಕದಲ್ಲಿ ಫಲ ಕಣ್ಣೆದುರಿನ ವಸ್ತು, ಅದಕ್ಕೆ ಅಳತೆಯೂ ಇದೆ, ದಾರಿಯೂ ಇದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬನ್ನಿ ಎಂದ ಕಥೆ ನಮಗೆಲ್ಲ ಗೊತ್ತು. ಆ ತಾಯಿ ಅಕ್ಕಿ ತರಬೇಡಿ ಎನ್ನಲಿಲ್ಲ. ಎಷ್ಟು ಬೇಕೋ ಅಷ್ಟು ಎಂದರು. ತಂದದ್ದು ದಾಸೋಹಕ್ಕೆ ಸಲ್ಲಬೇಕು. ಇಲ್ಲಿ ಫಲದ ನಿರಾಕರಣೆ ಇಲ್ಲ, ಫಲದ ಲೆಕ್ಕವಿದೆ, ಹಂಚಿಕೆಯಿದೆ. ಹುಟ್ಟಿನಿಂದ ಬಂದ ಕೆಲಸವೆಂಬ ಕಟ್ಟೂ ಇಲ್ಲ. ಎರಡೂ ದುಡಿಮೆಯನ್ನು ಗೌರವಿಸುತ್ತವೆ, ಸ್ವಾರ್ಥವನ್ನು ಕಡಿಮೆ ಮಾಡುತ್ತವೆ ಎಂಬಷ್ಟು ಸಾಮ್ಯವನ್ನು ಒಪ್ಪೋಣ. ಒಂದೇ ಎನ್ನುವುದು ಮಾತ್ರ ಎರಡನ್ನೂ ಓದದವರ ಮಾತು.

ನಮ್ಮ ಮನೆಯ ಲೆಕ್ಕವೂ ಸರಿಯಿಲ್ಲ ಎಂಬುದನ್ನು ಹೇಳಬೇಕು. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟುವ ಆ ಎರಡು ಪದಗಳನ್ನು ಗೋಡೆಗೋಡೆಯ ಮೇಲೆ ಬಸವಣ್ಣನವರ ಹೆಸರಿನಲ್ಲಿ ಬರೆಯುತ್ತೇವೆ. ಆ ಮಾತಿರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಅಂಕಿತ ನೋಡಿದರೆ ತಿಳಿಯುತ್ತದೆ: ಅಮರೇಶ್ವರಲಿಂಗ. ಅಕ್ಕಿ ಆಯ್ದು ಬದುಕಿದ ಶರಣನ ಮಾತಿಗೆ ಆತನ ಹೆಸರನ್ನೇ ಕೊಡದ ನಾವು, ಇತರರ ಶ್ಲೋಕಕ್ಕೆ ಅಂಕಿ ಕೇಳುವುದು ಹೇಗೆ? ಆದ್ದರಿಂದ ಈ ಶಿಸ್ತು ಎರಡೂ ಕಡೆಗೆ. ಶ್ಲೋಕಕ್ಕೆ ಅಧ್ಯಾಯ ಮತ್ತು ಸಂಖ್ಯೆ, ವಚನಕ್ಕೆ ಅಂಕಿತ.

ಸಂಖ್ಯೆ ಬರೆಯುವವರಿಗೆ ಒಂದು ಸೂಚನೆ. ಎರಡನೆಯ ಅಧ್ಯಾಯದ 72 ಶ್ಲೋಕಗಳ ಎಣಿಕೆಯಲ್ಲಿ ಗೊಂದಲವಿಲ್ಲ. ಹದಿಮೂರನೆಯ ಅಧ್ಯಾಯದಲ್ಲಿ ಮಾತ್ರ ಕೆಲವು ಮುದ್ರಣಗಳು ಅರ್ಜುನನ ಪ್ರಶ್ನೆಯೊಂದನ್ನು ಮೊದಲಿಗೆ ಸೇರಿಸುವುದರಿಂದ ಸಂಖ್ಯೆ ಒಂದರಷ್ಟು ಮುಂದೆ ಸರಿಯುತ್ತದೆ. ಮಹಾಭಾರತದಲ್ಲಿ ಹುಡುಕುವವರು ಭೀಷ್ಮಪರ್ವ ತೆರೆಯಬೇಕು. ಪ್ರಚಲಿತ ಪಾಠದಲ್ಲಿ ಗೀತೆಯ ಎರಡನೆಯ ಅಧ್ಯಾಯ ಆ ಪರ್ವದ 26ನೆಯದು, ಪುಣೆಯ ಭಾಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ 24ನೆಯದು.

ಇನ್ನು ಮುಂದೆ ಯಾರಾದರೂ ವೇದಿಕೆಯ ಮೇಲೆ ‘ಫಲ ಕೇಳಬೇಡ’ ಎಂದರೆ ಶರಣ ಬಂಧುಗಳು ವಿನಯದಿಂದ ಎದ್ದು ಮೂರು ಪ್ರಶ್ನೆ ಕೇಳಲಿ. ಯಾವ ಅಧ್ಯಾಯ, ಎಷ್ಟನೆಯ ಶ್ಲೋಕ? ನಾಲ್ಕನೆಯ ಪಾದ ಏನು ಹೇಳುತ್ತದೆ? ಅಡುಗೆಯವರ ಮೂರು ತಿಂಗಳ ಸಂಬಳ ಯಾವಾಗ ಕೊಡುತ್ತೀರಿ? ಮೊದಲ ಎರಡಕ್ಕೆ ಉತ್ತರ ಗೊತ್ತಿದ್ದವರು ಮೂರನೆಯದನ್ನು ಗೀತೆಯ ಮರೆಯಲ್ಲಿ ಅಡಗಿಸಲಾರರು.