ಪೆಟ್ರೋಲ್ ಚೀಟಿಯಲ್ಲಿ ಇಲ್ಲದ ನಾಲ್ಕು ಸಾಲು

ಇವತ್ತು ಬೆಳೆ ವಿಷಯ ಅಲ್ಲ, ಪೆಟ್ರೋಲ್ ವಿಷಯ. ಸ್ವಲ್ಪ ಉದ್ದ ಇದೆ, ಸಂಜೆ ಕೈಕಾಲು ತೊಳಕೊಂಡು ಕೂತಾಗ ಓದಿ.

ಮೊನ್ನೆ ವೀಡರಿಗೂ ಬೈಕಿಗೂ ಅಂತ 5 ಲೀಟರ್ ಹಾಕಿಸೋಕೆ ಬಂಕಿಗೆ ಹೋಗಿದ್ದೆ. ಅಲ್ಲಿ ನಮ್ಮೂರಿನ ಇಬ್ಬರು ಜೋರು ಮಾತಲ್ಲಿದ್ದರು. ಒಬ್ಬರ ಮೊಬೈಲಿನಲ್ಲಿ "ಲೀಟರಿಗೆ 33 ರೂಪಾಯಿ ಕೇಂದ್ರ ತಿನ್ನುತ್ತೆ" ಅನ್ನೋ ಮೆಸೇಜು. ಇನ್ನೊಬ್ಬರದ್ದರಲ್ಲಿ "31 ರೂಪಾಯಿ ರಾಜ್ಯ ತಿನ್ನುತ್ತೆ" ಅಂತ. ಪಂಪ್ ಹಿಡಿದಿದ್ದ ಹುಡುಗ ಇಬ್ಬರ ಬೈಗುಳನೂ ಕೇಳಿಸ್ಕೊಂಡು ಸುಮ್ಮನೆ ನಿಂತಿದ್ದ. ಮನೆಗೆ ಬಂದು ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿದೆ. ಎರಡೂ ಮೆಸೇಜು ತಪ್ಪು. ಆದರೆ ಸರಿಯಾದ ಲೆಕ್ಕ ಇನ್ನೂ ಯೋಚನೆಗೆ ಹಚ್ಚುವಂಥದ್ದು.

ಮೊದಲೇ ಹೇಳಿಬಿಡ್ತೀನಿ, ಇದು 2025ರ ಮಧ್ಯದ ದರ. ಬೆಂಗಳೂರಿನಲ್ಲಿ ಲೀಟರಿಗೆ 102 ರೂಪಾಯಿ 92 ಪೈಸೆ. ನಮ್ಮ ಕಡೆ ಸಾಗಾಣಿಕೆ ಸೇರಿ ಸ್ವಲ್ಪ ಹೆಚ್ಚು. ಲೆಕ್ಕದ ದಾರಿ ಮಾತ್ರ ಎಲ್ಲಾ ಊರಿಗೂ ಒಂದೇ.

ಈ 102.92ರಲ್ಲಿ ನಾಲ್ಕು ಭಾಗ ಇದೆ. ಮೊದಲನೆಯದು ಮೂಲ ಬೆಲೆ, ಅಂದರೆ ಎಣ್ಣೆ ಕಂಪನಿ ತನ್ನ ಸರಕಿಗೆ ಹಾಕೋ ಬೆಲೆ. ಎರಡನೆಯದು ಕೇಂದ್ರದ ಅಬಕಾರಿ ಸುಂಕ. ಅಬಕಾರಿ ಅಂದ ತಕ್ಷಣ ನಮಗೆ ಸಾರಾಯಿ ನೆನಪಾಗುತ್ತೆ, ಇದು ಅದಲ್ಲ. ಎಕ್ಸೈಸ್ ಡ್ಯೂಟಿ ಅಂತಾರಲ್ಲ, ಅದು. ಮೂರನೆಯದು ಬಂಕಿನವರ ಕಮಿಷನ್. ನಾಲ್ಕನೆಯದು ರಾಜ್ಯದ ಮಾರಾಟ ತೆರಿಗೆ.

ಇದರಲ್ಲಿ ಎರಡು ಭಾಗ ಸುಲಭವಾಗಿ ಗೊತ್ತಾಗುತ್ತೆ. ಅಬಕಾರಿ ಸುಂಕ ಲೀಟರಿಗೆ 21 ರೂಪಾಯಿ 90 ಪೈಸೆ. ಶೇಕಡಾ ಲೆಕ್ಕ ಅಲ್ಲ, ರೂಪಾಯಿ ಲೆಕ್ಕ. ಪೆಟ್ರೋಲ್ ಏರಲಿ ಇಳಿಯಲಿ, ಅಷ್ಟೇ. ಬಂಕಿನವರ ಕಮಿಷನ್ ಸುಮಾರು 4 ರೂಪಾಯಿ 40 ಪೈಸೆ. 2024ರ ಅಕ್ಟೋಬರ್ ಕೊನೆಯಲ್ಲಿ 65 ಪೈಸೆ ಏರಿಸಿದ ಮೇಲೆ ಇಷ್ಟಾಗಿದೆ. ನಾವೆಲ್ಲ ಬೈಯೋ ಬಂಕಿನವರಿಗೆ ನೂರ ಮೂರು ರೂಪಾಯಲ್ಲಿ ಸಿಗೋದು ಇಷ್ಟೇ. ಹುಡುಗರ ಸಂಬಳ, ಕರೆಂಟು, ಆವಿಯಾಗಿ ಹೋಗೋ ಪೆಟ್ರೋಲು, ಲೋಡಿಗೆ ಹಾಕಿದ ದುಡ್ಡಿನ ಬಡ್ಡಿ ಎಲ್ಲಾ ಅದರಲ್ಲೇ ಕಳೀಬೇಕು. ಅಳತೆಯಲ್ಲಿ ಮೋಸ ಮಾಡಿದರೆ ಅದು ಬೇರೆ ಜಗಳ. ದರ ಮಾತ್ರ ಅವರ ಕೈಲಿಲ್ಲ.

ಇನ್ನು ರಾಜ್ಯದ ತೆರಿಗೆ. ಇದು ಶೇಕಡಾ 29.84. ಎಲ್ಲರೂ ಎಡವೋದು ಇಲ್ಲೇ. 102.92ಕ್ಕೆ 29.84 ಪರ್ಸೆಂಟ್ ಹಾಕಿ "31 ರೂಪಾಯಿ" ಅಂತ ಮೆಸೇಜ್ ಮಾಡಿದ್ದಾರೆ. ಆದರೆ ಆ 102.92ರ ಒಳಗೇ ತೆರಿಗೆ ಸೇರಿಹೋಗಿದೆ. ತೆರಿಗೆ ಮೇಲೆ ಅದೇ ತೆರಿಗೆ ಹಾಕಿದ ಹಾಗಾಯ್ತು. ಹಿಂದಕ್ಕೆ ಬರಬೇಕು. ಮೊದಲು ಕಮಿಷನ್ 4.40 ತೆಗೀರಿ, 98.52 ಉಳೀತು. ಅದನ್ನ 1.2984ರಿಂದ ಭಾಗಿಸಿ, 75.88 ಬರುತ್ತೆ. ತೆರಿಗೆ ಬಿದ್ದಿರೋದು ಈ 75.88ರ ಮೇಲೆ. 98.52ರಲ್ಲಿ ಇದನ್ನ ಕಳೆದರೆ 22 ರೂಪಾಯಿ 64 ಪೈಸೆ, ಅದೇ ರಾಜ್ಯದ ಪಾಲು. 75.88ರಲ್ಲಿ ಅಬಕಾರಿ 21.90 ಕಳೆದರೆ ಸುಮಾರು 54 ರೂಪಾಯಿ, ಅದು ಸಾಗಾಣಿಕೆ ಸೇರಿದ ಮೂಲ ಬೆಲೆ. ಕಮಿಷನ್ ಕೆಲವು ಪೈಸೆ ಆಚೀಚೆ ಆಗುತ್ತೆ, ಹಾಗಾಗಿ ಇವೂ ಪೈಸೆಗಳಲ್ಲಿ ಆಚೀಚೆ ಆಗ್ತಾವೆ.

ಕಮಿಷನ್ ಮೊದಲು ಯಾಕೆ ತೆಗೆದೆ ಅಂತ ಕೇಳಬಹುದು. 2024ರ ಜೂನ್ 15ರಂದು ರಾಜ್ಯ ಈ ತೆರಿಗೆಯನ್ನ 25.92ರಿಂದ 29.84ಕ್ಕೆ ಏರಿಸಿತು. ಏರಿದ್ದು 3.92 ಪರ್ಸೆಂಟ್. ಬಂಕಿನಲ್ಲಿ ಏರಿದ್ದು 3 ರೂಪಾಯಿ. ಎಷ್ಟಕ್ಕೆ 3.92 ಪರ್ಸೆಂಟ್ ಹಾಕಿದರೆ 3 ರೂಪಾಯಿ ಬರುತ್ತೆ? ಸುಮಾರು 76 ರೂಪಾಯಿಗೆ. ಆಗಿನ ಮೂಲ ಬೆಲೆ ಮತ್ತು ಅಬಕಾರಿ ಎರಡೂ ಸೇರಿದರೆ ಹತ್ತಿರತ್ತಿರ ಅಷ್ಟೇ. ಕಮಿಷನ್ ಸೇರಿಸಿದರೆ ಲೆಕ್ಕ ಕೂಡಲ್ಲ. ಕಂಪನಿ ಬಂಕಿಗೆ ಮಾರುವಾಗಲೇ ತೆರಿಗೆ ವಸೂಲಾಗುತ್ತೆ, ಕಮಿಷನ್ ಅದಾದ ಮೇಲೆ ಸೇರುತ್ತೆ.

ಒಟ್ಟು ಹೀಗಾಯ್ತು: ಮೂಲ ಬೆಲೆ 54, ಕೇಂದ್ರ 21.90, ಬಂಕು 4.40, ರಾಜ್ಯ 22.64. ನಾನು ಹಾಕಿಸಿದ 5 ಲೀಟರಿಗೆ ಎರಡೂ ಸರ್ಕಾರಕ್ಕೆ ಸೇರಿ ಹೋಗಿದ್ದು ಸುಮಾರು 223 ರೂಪಾಯಿ. ಬಂಕಿನಲ್ಲಿ ಜಗಳ ಆಡ್ತಿದ್ದ ಇಬ್ಬರಿಗೂ ಹೇಳೋದು ಇಷ್ಟೇ: ಇಬ್ಬರ ಪಾಲೂ ಹೆಚ್ಚೂ ಕಡಿಮೆ ಸಮ ಇದೆ, ಜಗಳ ಬಿಡಿ. 33 ರೂಪಾಯಿ ಅನ್ನೋದು 2020 ಮತ್ತು 2021ರ ಹಳೇ ಲೆಕ್ಕ.

ಇಲ್ಲೊಂದು ಗಂಟು ಇದೆ. ರಾಜ್ಯ ತೆರಿಗೆ ಹಾಕೋದು ಮೂಲ ಬೆಲೆ ಮೇಲೆ ಮಾತ್ರ ಅಲ್ಲ, ಕೇಂದ್ರದ ಸುಂಕದ ಮೇಲೂ ಹಾಕುತ್ತೆ. 21.90ಕ್ಕೆ 29.84 ಪರ್ಸೆಂಟ್ ಅಂದರೆ 6 ರೂಪಾಯಿ 53 ಪೈಸೆ. ಸುಂಕದ ಮೇಲಿನ ತೆರಿಗೆ ಇದು, ಇದರಲ್ಲಿ ಒಂದು ಹನಿ ಪೆಟ್ರೋಲೂ ಇಲ್ಲ. 2022ರ ಮೇ ತಿಂಗಳಲ್ಲಿ ಕೇಂದ್ರ 8 ರೂಪಾಯಿ ಸುಂಕ ಇಳಿಸಿದಾಗ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬೆಲೆ ಒಂಬತ್ತೂವರೆ ರೂಪಾಯಿ ಇಳಿಯುತ್ತೆ ಅಂದಿದ್ದು ಇದೇ ಕಾರಣಕ್ಕೆ. ಆ ಒಂದೂವರೆ ರೂಪಾಯಿ, ಸುಂಕದ ಮೇಲೆ ರಾಜ್ಯಗಳಿಗೆ ಬರ್ತಿದ್ದ ತೆರಿಗೆ. ಈ ದರದಲ್ಲಿ ಕೇಂದ್ರ 1 ರೂಪಾಯಿ ಏರಿಸಿದರೆ ನಮಗೆ ಬೀಳೋದು 1 ರೂಪಾಯಿ 30 ಪೈಸೆ. ಒಬ್ಬರು ಏರಿಸಿದರೆ ಇನ್ನೊಬ್ಬರಿಗೂ ಆದಾಯ. ಹೀಗಿರೋವಾಗ ಕೇಂದ್ರ ಸುಂಕ ಇಳಿಸಲಿ ಅಂತ ರಾಜ್ಯ ಕೇಳೋದ್ರಲ್ಲಿ ಎಷ್ಟು ಮನಸ್ಸಿರುತ್ತೆ, ನೀವೇ ಹೇಳಿ.

ಈಗ ನನಗೆ ನಿಜವಾಗಿ ಬೇಸರ ಆದ ವಿಷಯ. ಆ 21.90 ಒಂದೇ ಸುಂಕ ಅಲ್ಲ, ಅದರೊಳಗೂ ನಾಲ್ಕು ತುಂಡು ಇದೆ. ಮೂಲ ಅಬಕಾರಿ ಸುಂಕ 1 ರೂಪಾಯಿ 40 ಪೈಸೆ. ವಿಶೇಷ ಹೆಚ್ಚುವರಿ ಸುಂಕ 13 ರೂಪಾಯಿ. ರಸ್ತೆ ಸೆಸ್ 5 ರೂಪಾಯಿ. ಕೊನೆಯದು ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್, 2 ರೂಪಾಯಿ 50 ಪೈಸೆ. ಹೌದು, ನಮ್ಮ ಹೆಸರಿನದ್ದು. ಡೀಸೆಲ್ ಮೇಲೆ ಇದು ಇನ್ನೂ ಹೆಚ್ಚು, ಲೀಟರಿಗೆ 4 ರೂಪಾಯಿ. ಟ್ರ್ಯಾಕ್ಟರ್ ಇಟ್ಟವರು ಗಮನಿಸಿ.

ಈ ನಾಲ್ಕರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳೋದು ಮೊದಲನೆಯ 1.40 ಮಾತ್ರ. ಅದರಲ್ಲಿ ಶೇಕಡಾ 41 ಎಲ್ಲಾ ರಾಜ್ಯಗಳಿಗೂ ಸೇರಿ, ಅಂದರೆ 57 ಪೈಸೆ. ಉಳಿದ ಇಪ್ಪತ್ತೂವರೆ ರೂಪಾಯಿ ಹಂಚಿಕೆಗೆ ಬರಲ್ಲ.

ಕೃಷಿ ಸೆಸ್ ಬಂದಿದ್ದು 2021ರ ಫೆಬ್ರವರಿ ಬಜೆಟ್ಟಿನಲ್ಲಿ. ಗ್ರಾಹಕರಿಗೆ ಹೊರೆ ಆಗಲ್ಲ ಅಂದರು. ಅದು ನಿಜ, ಬಂಕಿನ ದರ ಆ ಕಾರಣಕ್ಕೆ ಏರಲಿಲ್ಲ. ಹೇಗೆ ಅಂದರೆ, ಎರಡೂವರೆ ರೂಪಾಯಿ ಸೆಸ್ ಸೇರಿಸುವಾಗ ಮೂಲ ಸುಂಕವನ್ನ 2.98ರಿಂದ 1.40ಕ್ಕೆ ಇಳಿಸಿದರು, ವಿಶೇಷ ಸುಂಕವನ್ನ 12ರಿಂದ 11ಕ್ಕೆ ಇಳಿಸಿದರು. ಒಟ್ಟು ಹೆಚ್ಚೂ ಕಡಿಮೆ ಅಷ್ಟೇ ಉಳೀತು. ಆದರೆ ರಾಜ್ಯಗಳಿಗೆ ಹಂಚಬೇಕಾದ ತುಂಡು ಅರ್ಧಕ್ಕಿಂತ ಕಡಿಮೆ ಆಯ್ತು. ಒಂದು ಜೇಬಿನ ದುಡ್ಡು ಇನ್ನೊಂದು ಜೇಬಿಗೆ ಹೋಯ್ತು, ಆ ಜೇಬಿನ ಮೇಲೆ ರೈತ ಅಂತ ಬರೆದರು. ಆಮೇಲೆ ರಾಜ್ಯದವರು "ನಮಗೆ ಕೇಂದ್ರದಿಂದ ಬರಲ್ಲ" ಅಂತ ತಮ್ಮ ಪರ್ಸೆಂಟ್ ಏರಿಸೋಕೆ ಕಾರಣ ಸಿಕ್ಕಿತು. ಎರಡೂ ಕಡೆ ಕೊಡೋನು ಬಂಕಿನಲ್ಲಿ ನಿಂತಿರೋನು.

"ದರ ಏರಿಲ್ಲ" ಅನ್ನೋ ಸುದ್ದಿ ಬಂದಾಗಲೂ ಹುಷಾರಾಗಿರಿ. 2025ರ ಏಪ್ರಿಲ್ 8ರಂದು ಕೇಂದ್ರ ಸುಂಕವನ್ನ 2 ರೂಪಾಯಿ ಏರಿಸಿತು, ಬಂಕಿನ ದರ ಹಾಗೇ ಇತ್ತು. ಕಚ್ಚಾ ತೈಲದ ಬೆಲೆ ಆಗ ಬಿದ್ದಿತ್ತು. ನಮಗೆ ಇಳಿಯಬೇಕಿದ್ದ ಜಾಗದಲ್ಲಿ ಸುಂಕ ಕೂತಿತು. 2020ರಲ್ಲಿ ಇದೇ ಆಟ ದೊಡ್ಡದಾಗಿ ನಡೆದಿತ್ತು. ಲಾಕ್‌ಡೌನ್‌ನಲ್ಲಿ ಕಚ್ಚಾ ತೈಲ ನೆಲ ಕಚ್ಚಿದಾಗ, ಮಾರ್ಚಿನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ 10 ರೂಪಾಯಿ ಸುಂಕ ಏರಿಸಿದರು. ಅದೇ ಏಪ್ರಿಲ್‌ನಲ್ಲಿ ನಮ್ಮ ರಾಜ್ಯವೂ 32ರಿಂದ 35 ಪರ್ಸೆಂಟಿಗೆ ಹೋಯ್ತು. ಮುಂದೆ 2021 ಮತ್ತು 2022ರಲ್ಲಿ ಕೇಂದ್ರ ಆ 13 ರೂಪಾಯಿ ಇಳಿಸಿದ್ದೂ ನಿಜ, ರಾಜ್ಯ 25.92ಕ್ಕೆ ಇಳಿಸಿದ್ದೂ ನಿಜ. ಅದನ್ನೂ ಹೇಳಬೇಕು. ಆದರೆ ಇಳಿಸಿದಾಗ ದೊಡ್ಡ ಸುದ್ದಿ, ಏರಿಸಿದಾಗ "ಗ್ರಾಹಕರಿಗೆ ಹೊರೆ ಇಲ್ಲ".

ನನ್ನ ಅಭಿಪ್ರಾಯ ಇಷ್ಟು. ತೆರಿಗೆನೇ ಬೇಡ ಅಂತ ನಾನು ಹೇಳಲ್ಲ. ರಸ್ತೆ ಬೇಕು, ನಮ್ಮ ಪಂಪ್‌ಸೆಟ್ಟಿನ ಕರೆಂಟಿನ ಸಬ್ಸಿಡಿ ಕೂಡ ಎಲ್ಲಿಂದಲೋ ಬರಬೇಕು. ನಾನು ಕೇಳೋದು ಚೀಟಿ. ನಾವು ಯಶವಂತಪುರಕ್ಕೆ ಈರುಳ್ಳಿ ಕಳಿಸಿದರೆ ಪಟ್ಟಿಯಲ್ಲಿ ಲಾರಿ ಬಾಡಿಗೆ ಎಷ್ಟು, ಹಮಾಲಿ ಎಷ್ಟು ಅಂತ ಒಂದೊಂದೇ ಸಾಲಾಗಿ ಬರೆದಿರ್ತಾರೆ. ಅದನ್ನ ನೋಡೇ ನಾವು ಜಗಳ ಆಡೋದು. ಅಂಗಡಿಯಲ್ಲಿ ಒಂದು ಸ್ಪ್ರೇಯರ್ ತಗೊಂಡರೂ ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ಸಾಲಿನಲ್ಲಿರುತ್ತೆ. ಪೆಟ್ರೋಲ್ ಚೀಟಿಯಲ್ಲಿ ಮಾತ್ರ ಲೀಟರ್, ದರ, ಮೊತ್ತ ಅಷ್ಟೇ. ಮೂಲ ಬೆಲೆ, ಕೇಂದ್ರ, ಬಂಕು, ರಾಜ್ಯ ಅಂತ ನಾಲ್ಕು ಸಾಲು ಅದರಲ್ಲಿ ಅಚ್ಚಾಗಲಿ. ಲೆಕ್ಕ ಕಂಪನಿಯವರ ಹತ್ತಿರ ಇದ್ದೇ ಇದೆ. ಆಗ ಯಾರು ಯಾವತ್ತು ಎಷ್ಟು ಏರಿಸಿದರು ಅಂತ ಮೆಸೇಜ್ ನಂಬೋ ಕೆಲಸ ಇರಲ್ಲ.

ಇನ್ನೊಂದು, ಕೃಷಿ ಹೆಸರಿನ ಆ ಎರಡೂವರೆ ಮತ್ತು ನಾಲ್ಕು ರೂಪಾಯಿ. ನಮ್ಮ ಹೆಸರಲ್ಲಿ ತಗೊಂಡ ಮೇಲೆ ನಮ್ಮ ತಾಲ್ಲೂಕಿಗೆ ಯಾವ ಗೋದಾಮು, ಯಾವ ಶೀತಲಗೃಹ ಬಂತು ಅಂತ ಕೇಳೋ ಹಕ್ಕು ನಮಗಿದೆ. ಮುಂದಿನ ಸಲ ಓಟು ಕೇಳೋಕೆ ಬಂದವರನ್ನ ಪಕ್ಷ ನೋಡದೆ ಇದೊಂದು ಕೇಳಿ.

ನಿಮ್ಮ ಊರಿನ ಬಂಕಿನ ದರ ತಗೊಂಡು ನೀವೂ ಮಾಡಿ ನೋಡಿ. ದರದಿಂದ 4.40 ಕಳೆಯಿರಿ, ಉಳಿದಿದ್ದನ್ನ 1.2984ರಿಂದ ಭಾಗಿಸಿ, ಬಂದಿದ್ದರಲ್ಲಿ 21.90 ಕಳೆಯಿರಿ. ಕೊನೆಗೆ ಉಳಿಯೋದು ಪೆಟ್ರೋಲಿನ ಬೆಲೆ. ಸುಂಕ, ತೆರಿಗೆ ಬದಲಾದರೆ ಆ ಅಂಕಿ ಮಾತ್ರ ಬದಲಿಸಿಕೊಳ್ಳಿ. ನಿಮಗೆ ಎಷ್ಟು ಬಂತು ಅಂತ ಕೆಳಗೆ ಬರೀರಿ.