ಪರೀಕ್ಷೆಗೂ ಸಿಗದ ಹತ್ತು ದಿನ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಾಲೇಜುಗಳಲ್ಲಿ ರಕ್ತದಾನ ಶಿಬಿರವೆಂದರೆ ಒಂದು ಸಣ್ಣ ಜಾತ್ರೆ. ಬ್ಯಾನರ್, ಬಿಸ್ಕತ್ತು, ಸೆಲ್ಫಿ, ಪ್ರಮಾಣಪತ್ರ ಎಲ್ಲವೂ ಉಂಟು. ಮಲಗುವ ಮೊದಲು ತುಂಬಬೇಕಾದ ಪ್ರಶ್ನೆಗಳ ಹಾಳೆಗೆ ಮಾತ್ರ ಬೆಲೆಯಿಲ್ಲ. ಗೆಳೆಯನ ಬೆನ್ನಿಗೆ ಹಾಳೆ ಒತ್ತಿಟ್ಟು ಎಲ್ಲದಕ್ಕೂ ‘ಇಲ್ಲ’ ಎಂದು ಬರೆದುಕೊಡುವವರೇ ಹೆಚ್ಚು. ಕೇಳಿದರೆ, ‘ಹೆಂಗೂ ಟೆಸ್ಟ್ ಮಾಡ್ತಾರಲ್ಲೋ’ ಎನ್ನುತ್ತಾರೆ.

ಟೆಸ್ಟ್ ಮಾಡುವುದು ನಿಜ. ಚೀಲದ ಜೊತೆ ಸಣ್ಣ ನಳಿಕೆಗಳಲ್ಲೂ ರಕ್ತ ತೆಗೆಯುತ್ತಾರೆ. ಅದರಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯ. ಫಲಿತಾಂಶ ಬರುವವರೆಗೆ ಚೀಲವನ್ನು ಬೇರೆಯಾಗಿಡುತ್ತಾರೆ. ಸೋಂಕು ಕಂಡರೆ ಅದನ್ನು ನಾಶಮಾಡುತ್ತಾರೆ.

ತೊಂದರೆ ಇರುವುದು ಕಾಣದ ಸೋಂಕಿನಲ್ಲಿ. ಒಬ್ಬ ಹುಡುಗನಿಗೆ ತಿಂಗಳ 1ರಂದು ಎಚ್‌ಐವಿ ತಗುಲಿತು, 9ರಂದು ಅವನು ರಕ್ತ ಕೊಟ್ಟ ಎಂದುಕೊಳ್ಳೋಣ. ಅವನಿಗೆ ಜ್ವರವಿಲ್ಲ, ಸುಸ್ತಿಲ್ಲ. ಹಳೆಯ ಬಗೆಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಪರೀಕ್ಷೆಗೆ ಸಿಗುವಷ್ಟಾಗಲು ಸುಮಾರು ಮೂರು ವಾರ ಬೇಕು. ವೈರಸ್ಸಿನ ಪ್ರೋಟೀನನ್ನೂ ಹಿಡಿಯುವ ಹೊಸ ಪರೀಕ್ಷೆಗೆ ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ‘ನ್ಯಾಟ್’ ಪರೀಕ್ಷೆಗೂ ಸುಮಾರು 10 ದಿನ ಬೇಕು. ಅದು ದುಬಾರಿ, ಕಡ್ಡಾಯವೂ ಅಲ್ಲ. ಹೀಗಾಗಿ 9ನೇ ದಿನದ ಆ ರಕ್ತ ಮೂರರಲ್ಲೂ ‘ನೆಗೆಟಿವ್’ ಎಂದೇ ಬರಬಹುದು. ಸೋಂಕು ತಗುಲಿದ್ದರೂ ಪರೀಕ್ಷೆಗೆ ಸಿಗದ ಈ ಅವಧಿಯೇ ವಿಂಡೋ ಪೀರಿಯಡ್. ಯಂತ್ರ ಕೆಟ್ಟಿಲ್ಲ, ತಂತ್ರಜ್ಞ ತಪ್ಪಿಲ್ಲ. ಹುಡುಕುವ ವಸ್ತುವೇ ಇನ್ನೂ ಸಾಕಷ್ಟಿಲ್ಲ. ಒಂದು ಚೀಲವನ್ನು ಕೆಂಪು ರಕ್ತಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಿದರೆ ಅದು ಮೂವರು ರೋಗಿಗಳಿಗೆ ಹೋಗಬಹುದು.

ಈ ಕಿಂಡಿಯನ್ನು ಮುಚ್ಚಲು ಇರುವುದು ಆ ಹಾಳೆಯೊಂದೇ. ಇತ್ತೀಚಿನ ಅಸುರಕ್ಷಿತ ಸಂಪರ್ಕ, ಹಂಚಿಕೊಂಡ ಸೂಜಿ, 12 ತಿಂಗಳೊಳಗೆ ಹಾಕಿಸಿಕೊಂಡ ಹಚ್ಚೆ, ಇವು ದಾನಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಆದರೆ ಪಕ್ಕದಲ್ಲಿ ಗೆಳೆಯರು, ಎದುರಿಗೆ ಮೇಷ್ಟ್ರು ನಿಂತಿರುವಾಗ ಅದಕ್ಕೆ ‘ಹೌದು’ ಎಂದು ಬರೆಯುವವರಾರು? ಸಂಬಂಧಿಕರಿಗೆ ತುರ್ತಾಗಿ ರಕ್ತ ಬೇಕಾದಾಗಲಂತೂ ಬೀಗರ ಮುಂದೆ ‘ನಾನು ಕೊಡಲಾರೆ’ ಎನ್ನುವುದು ಇನ್ನೂ ಕಷ್ಟ. ತಪ್ಪು ಹುಡುಗರದಷ್ಟೇ ಅಲ್ಲ, ಪ್ರಶ್ನೆ ಕೇಳುವ ಜಾಗದ್ದೂ ಹೌದು.

ಇನ್ನೊಂದು ರೂಢಿ ಇದಕ್ಕಿಂತ ಅಪಾಯದ್ದು. ಮನಸ್ಸಿನಲ್ಲಿ ಅನುಮಾನವಿದ್ದವರು ಪುಕ್ಕಟೆ ಪರೀಕ್ಷೆಯಾಗುತ್ತದೆಂದು ಶಿಬಿರಕ್ಕೆ ಬರುತ್ತಾರೆ. ವಿಂಡೋ ಪೀರಿಯಡ್‌ನಲ್ಲಿರುವ ಸಾಧ್ಯತೆ ಹೆಚ್ಚಿರುವುದು ಅವರಿಗೇ. ಅಂಥವರಿಗಾಗಿ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಿವೆ. ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿರುತ್ತದೆ.

ಶಿಬಿರ ನಡೆಸುವ ಕಾಲೇಜುಗಳು ಒಂದು ಖಾಲಿ ಕೋಣೆ ಕೊಡಲಿ. ಒಬ್ಬೊಬ್ಬರನ್ನೇ ಒಳಗೆ ಕರೆದು ಪ್ರಶ್ನೆ ಕೇಳಲಿ. ಬೇಡವೆಂದು ಹೊರಬಂದವರನ್ನು ಯಾಕೆಂದು ಯಾರೂ ಕೇಳದಿರಲಿ. ಕೊಟ್ಟ ಮೇಲೆ ಅನುಮಾನ ಬಂದವರು ಗುಟ್ಟಾಗಿ ಹೇಳಿ ಚೀಲ ತೆಗೆದಿರಿಸುವಂತೆ ರಕ್ತಕೇಂದ್ರದ ಫೋನ್ ನಂಬರನ್ನೂ ಪ್ರಮಾಣಪತ್ರದ ಮೇಲೆಯೇ ಅಚ್ಚುಹಾಕಿಸಲಿ.